ಮೂರು ದಿನದ ಲೆಕ್ಕ, ಒಂದು ಹಾಲಿನ ಬಾಟಲಿ

"ಏನೂ ತಿನ್ನಲ್ಲ ಮೇಡಂ, ಒಂದು ಒಳ್ಳೆ ಮಲ್ಟಿವಿಟಮಿನ್ ಹೇಳಿಬಿಡಿ." ಮಕ್ಕಳ ಡಯಟಿಷಿಯನ್ ಆದ ನನಗೆ ಈ ಮಾತು ಬಾಯಿಪಾಠ ಆಗಿದೆ. ಮೊದಮೊದಲು ನಾನೂ ಯಾವುದೋ ಒಂದು ಹೆಸರು ಹೇಳಿ ಕಳಿಸುತ್ತಿದ್ದೆ. ತಾಯಿಗೂ ಸಮಾಧಾನ, ನನಗೂ ಕೆಲಸ ಮುಗೀತು. ಆ ಅಭ್ಯಾಸ ಬಿಡಿಸಿದ್ದು ಮೂರು ವರ್ಷದ ಒಬ್ಬ ಹುಡುಗಿ.

ಅವಳು ತಿನ್ನುತ್ತಿದ್ದದ್ದು ಬ್ರೆಡ್ಡು, ಬರೀ ಅನ್ನ, ಆಲೂಗಡ್ಡೆ, ಬಾಳೆಹಣ್ಣು, ಬಿಸ್ಕತ್ತು. ಜೊತೆಗೆ "ದಿನಕ್ಕೆ ಮೂರು ಸಲ ಸ್ವಲ್ಪ ಹಾಲು". ಮೊದಲು ಬೆಳವಣಿಗೆಯ ಚಾರ್ಟ್ ನೋಡಿದೆ. ತೂಕ 13 ಕಿಲೋ, ಒಂದು ವರ್ಷದಿಂದ ಚಾರ್ಟಿನ ಅದೇ ಏರುಗೆರೆಯ ಮೇಲೇ ಸಾಗಿತ್ತು. ಅಂದರೆ ಹೊಟ್ಟೆಗೆ ಬೇಕಾದಷ್ಟು ಶಕ್ತಿ ಎಲ್ಲಿಂದಲೋ ಸಿಗುತ್ತಿದೆ. ತೂಕ ನಿಂತಿದ್ದರೆ, ನುಂಗಲು ಕಷ್ಟವಿದ್ದರೆ, ಇಲ್ಲವೇ ತಿನ್ನುತ್ತಿದ್ದ ಪದಾರ್ಥಗಳನ್ನೂ ಒಂದೊಂದಾಗಿ ಬಿಡುತ್ತಾ ಬಂದಿದ್ದರೆ ನಾನು ಸಪ್ಲಿಮೆಂಟ್ ಮಾತು ಬದಿಗಿಟ್ಟು ನೇರ ವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಮೂರು ದಿನ, ಅದರಲ್ಲಿ ಒಂದು ರಜಾದಿನ, ಬಾಯಿಗೆ ಹೋದದ್ದನ್ನೆಲ್ಲ ಬರೆಯಲು ಹೇಳಿದೆ. ತಟ್ಟೆಗೆ ಬಡಿಸಿದ್ದಲ್ಲ, ಹೊಟ್ಟೆ ಸೇರಿದ್ದು. ಹಾಲು ಕುಡಿಯುವ ಬಾಟಲಿಯನ್ನೂ ತರಿಸಿದೆ. ಅವರು ದಿನಾ ತುಂಬುವ ಮಟ್ಟಕ್ಕೆ ನೀರು ಹಾಕಿಸಿ ಅಳತೆಯ ಜಾರಿಗೆ ಸುರಿದರೆ ಸರಿಯಾಗಿ 300 ಮಿ.ಲೀ. ಮೂರು ಸಲಕ್ಕೆ 900. ತಾಯಿ ಆ ಜಾರನ್ನೇ ನೋಡುತ್ತಾ ಕೂತರು.

ಇಲ್ಲಿಂದ ಲೆಕ್ಕ ತಿರುಗಿತು. ಎಲ್ಲರೂ ಹೆದರುವುದು ಪ್ರೋಟೀನಿಗೆ. ಈ ವಯಸ್ಸಿಗೆ ದಿನಕ್ಕೆ 13 ಗ್ರಾಂ ಆಸುಪಾಸು ಸಾಕು, ಇವಳಿಗೆ ಹಾಲಿನಿಂದಲೇ 28 ಗ್ರಾಂ ದಾಟುತ್ತಿತ್ತು. ಕ್ಯಾಲ್ಸಿಯಂ ಕೂಡ ಬೇಕಾದ್ದಕ್ಕಿಂತ ಜಾಸ್ತಿ. ವಿಟಮಿನ್ ಸಿ ಬಾಳೆಹಣ್ಣು, ಆಲೂಗಡ್ಡೆಗಳಿಂದ ಹೇಗೋ ಸರಿಹೋಗಿತ್ತು. ಕಬ್ಬಿಣಾಂಶ ಮಾತ್ರ ಪಾತಾಳದಲ್ಲಿತ್ತು: ದಿನಕ್ಕೆ 7 ಮಿಲಿಗ್ರಾಂ ಬೇಕಾದಲ್ಲಿ 3 ಕೂಡ ಸರಿಯಾಗಿ ಸಿಗುತ್ತಿರಲಿಲ್ಲ. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಸಾಲದ್ದಕ್ಕೆ ಅದು ಬೇರೆ ಆಹಾರದ ಕಬ್ಬಿಣ ಹೀರಿಕೆಯಾಗುವುದಕ್ಕೂ ಅಡ್ಡಬರುತ್ತದೆ, ಹಸಿವನ್ನೂ ಕೊಲ್ಲುತ್ತದೆ.

ಆದರೆ ಕಾಗದದ ಮೇಲಿನ ಕೊರತೆ ನೋಡಿ ಕಬ್ಬಿಣದ ಸಿರಪ್ ಕೊಡಬಾರದು. ಮಕ್ಕಳ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 10.4 (ಈ ವಯಸ್ಸಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ), ಫೆರಿಟಿನ್ 7. ದೇಹದ ಕಬ್ಬಿಣದ ಉಗ್ರಾಣ ಎಷ್ಟು ತುಂಬಿದೆ ಅಂತ ಹೇಳುವುದು ಈ ಫೆರಿಟಿನ್. 12ಕ್ಕಿಂತ ಕೆಳಗಿದ್ದರೆ ಬರಿದಾದಂತೆ. ಜ್ವರ, ಸೋಂಕು ಇದ್ದಾಗ ಅದು ಸುಳ್ಳೇ ಏರಿ ಕೂರುತ್ತದೆ, ಹಾಗಾಗಿ ಮಗು ಆರೋಗ್ಯವಾಗಿದ್ದಾಗಲೇ ನೋಡಬೇಕು.

ಅಷ್ಟು ಹೊತ್ತಿಗೆ ಮನೆಯಲ್ಲಿ ಒಂದು ಡಬ್ಬಿ ಗಮ್ಮಿ, ಅಂದರೆ ಜೆಲ್ಲಿ ಮಿಠಾಯಿಯಂಥ ವಿಟಮಿನ್, ಖಾಲಿಯಾಗಿತ್ತು. ಲೇಬಲ್ ಓದಿದೆವು. ಹತ್ತಾರು ವಿಟಮಿನ್ನುಗಳಿದ್ದವು, ಕಬ್ಬಿಣವೇ ಇರಲಿಲ್ಲ. ಬಹಳಷ್ಟು ಗಮ್ಮಿಗಳ ಕತೆ ಇದೇ.

ವೈದ್ಯರು ಕಿಲೋಗೆ 3 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೊಮ್ಮೆ ಸುಮಾರು 40 ಮಿಲಿಗ್ರಾಂ ಕಬ್ಬಿಣದ ಸಿರಪ್ ಬರೆದರು. ಇದು ಎಲಿಮೆಂಟಲ್ ಕಬ್ಬಿಣದ, ಅಂದರೆ ಸಿರಪ್ಪಿನ ಲವಣದೊಳಗಿರುವ ಬರೀ ಕಬ್ಬಿಣದ ಲೆಕ್ಕ, ಲವಣದ ಒಟ್ಟು ತೂಕದ್ದಲ್ಲ. ಬಾಟಲಿಯ ಮೇಲೆ ಎರಡೂ ಇರುತ್ತವೆ, ಎಡವುವುದು ಅಲ್ಲೇ. ನಾನು ಹಾಲನ್ನು 400 ಮಿ.ಲೀ.ಗೆ ಇಳಿಸಿ, ಬಾಟಲಿ ಬಿಡಿಸಿ, ಲೋಟದಲ್ಲಿ ಊಟದ ನಂತರ ಕೊಡಲು ಹೇಳಿದೆ.

ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಏರಿದ್ದು 0.1. ಬೇರೆ ಕಾಯಿಲೆ ಹುಡುಕುವ ಮುಂಚೆ "ಸಿರಪ್ ಹೇಗೆ ಕೊಡ್ತೀರಿ, ತೋರಿಸಿ" ಅಂದೆ. "ಕಹಿ ಅಂತ ಉಗೀತಾಳೆ ಮೇಡಂ, ಅದಕ್ಕೇ ಹಾಲಿಗೆ ಬೆರೆಸ್ತೀನಿ." ತಪ್ಪು ನನ್ನದು. ಹಾಲಿನ ಜೊತೆ ಬೇಡ ಅಂತ ನಾನು ಬಾಯಿಬಿಟ್ಟು ಹೇಳಿರಲೇ ಇಲ್ಲ. ಆಮೇಲೆ ಡ್ರಾಪರ್‌ನಿಂದ ಕೆನ್ನೆಯ ಒಳಬದಿಗೆ, ಕಿತ್ತಳೆ ರಸದ ಜೊತೆ, ಹಾಲಿಗೆ ಎರಡು ಗಂಟೆ ಅಂತರವಿಟ್ಟು ಕೊಟ್ಟರು. ಮಲ ಕಪ್ಪಾಗುತ್ತದೆ ಅಂತಲೂ, ಸಿರಪ್ ಬಾಟಲಿ ಮಗುವಿನ ಕೈಗೆ ಎಟುಕಬಾರದು ಅಂತಲೂ ಈ ಸಲ ಮರೆಯದೆ ಹೇಳಿದೆ. ಕಬ್ಬಿಣ ಅತಿಯಾದರೆ ಚಿಕ್ಕ ಮಕ್ಕಳಿಗೆ ಅದು ವಿಷವೇ.

ಮುಂದಿನ ತಿಂಗಳು 11.6. ಅಂಕಿ ಸರಿಹೋದ ಕೂಡಲೇ ನಿಲ್ಲಿಸಲಿಲ್ಲ, ಉಗ್ರಾಣ ತುಂಬಲೆಂದು ವೈದ್ಯರು ಇನ್ನೂ ಎರಡು ತಿಂಗಳು ಮುಂದುವರಿಸಿದರು. ಅಷ್ಟರಲ್ಲಿ ಹಾಲು ಕಡಿಮೆಯಾಗಿ ಹಸಿವು ತಿರುಗಿ ಬಂದಿತ್ತು. ಬೇಯಿಸಿದ ಬೇಳೆಯನ್ನು ಬ್ರೆಡ್ಡಿಗೆ ಸವರಿದರೆ ತಿನ್ನತೊಡಗಿದಳು, ಮೊಟ್ಟೆಯನ್ನೂ. ಫೆರಿಟಿನ್ 31ಕ್ಕೆ ಬಂದ ಮೇಲೆ ಸಿರಪ್ ನಿಂತಿತು. ಗಮ್ಮಿಯನ್ನು ತಾಯಿ ಮತ್ತೆ ಕೇಳಲಿಲ್ಲ. ಹಸಿರು ತರಕಾರಿ ಕಂಡರೆ ಹುಡುಗಿ ಇವತ್ತಿಗೂ ತಟ್ಟೆ ದೂಡುತ್ತಾಳಂತೆ.