ಮೊದಲ ಡೇಟ್‌ನಲ್ಲಿ ಮಾತು ನಿಂತಾಗ

ಎದುರಿನವರ ಜತೆ ‘ಮನೆ ಎಲ್ಲಿ, ಕೆಲಸ ಎಲ್ಲಿ, ಓದಿದ್ದು ಎಲ್ಲಿ’ ಎಂಬ ಮೂರು ಪ್ರಶ್ನೆಗಳು ಹತ್ತು ನಿಮಿಷದಲ್ಲಿ ಖರ್ಚಾಗುತ್ತವೆ. ನಮ್ಮ ಕರಾವಳಿಯಲ್ಲಿ ಮತ್ತೊಂದು ಅಪಾಯವೂ ಇದೆ. ಊರಿನ ಹೆಸರು ಬಂದರೆ ಸಾಕು, ಇಬ್ಬರಿಗೂ ಗೊತ್ತಿರುವ ಯಾರೋ ಒಬ್ಬರು ಸಿಕ್ಕಿಬಿಡುತ್ತಾರೆ. ಆಮೇಲೆ ಆ ಚಿಕ್ಕಪ್ಪನ ಬಗ್ಗೆಯೇ ಮಾತು. ಚಿಕ್ಕಪ್ಪನ ವಿಷಯ ಮುಗಿದಾಗ ಬರುವ ಮೌನವನ್ನು ಹೇಗೆ ನಿಭಾಯಿಸುವುದು ಎಂದು ಇಲ್ಲಿ ನೋಡೋಣ.

ಜಾಗ ಮೊದಲು

ಮೇಜಿನ ಎದುರುಬದುರು ಕುಳಿತಾಗ ಕಣ್ಣಿಗೆ ಹೋಗಲು ಬೇರೆ ಜಾಗವಿಲ್ಲ, ಹಾಗಾಗಿ ಸಣ್ಣ ಮೌನವೂ ದೊಡ್ಡದಾಗುತ್ತದೆ. ಪಕ್ಕಪಕ್ಕದಲ್ಲಿ ನಡೆಯುವಾಗ ಹಾಗಾಗುವುದಿಲ್ಲ. ಮಂಗಳೂರಿನವರಾದರೆ ಕದ್ರಿ ಪಾರ್ಕ್‌ನಲ್ಲಿ ಒಂದು ಸುತ್ತು ಹಾಕಬಹುದು, ಇಲ್ಲವೇ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ದಾಟಬಹುದು. ದೋಣಿಯಲ್ಲಿ ಇಬ್ಬರೂ ನದಿಯನ್ನೇ ನೋಡುತ್ತಾ ಸುಮ್ಮನಿದ್ದರೆ ಯಾರಿಗೂ ಅದು ಮೌನ ಎನಿಸುವುದಿಲ್ಲ. ಕೂರಲೇಬೇಕೆಂದರೆ ಐಸ್‌ಕ್ರೀಂ ಅಂಗಡಿ ವಾಸಿ. ಉದ್ದ ಗ್ಲಾಸಿನ ಗಡ್‌ಬಡ್ ಅನ್ನು ಚಮಚ ಹಾಕಿ ತಳದವರೆಗೆ ಕೆದಕಿ ತಿನ್ನುವುದೇ ಒಂದು ಕೆಲಸ. ಬಾಯಲ್ಲಿ ಐಸ್‌ಕ್ರೀಂ ಇದ್ದಾಗ ಉತ್ತರ ತಡವಾದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಾಫಿ ಮಾತ್ರ ಬೇಡ. ಮೊದಲೇ ಜೋರಾಗಿರುವ ಎದೆಬಡಿತವನ್ನು, ನಡುಗುವ ಬೆರಳನ್ನು ಅದು ಇನ್ನಷ್ಟು ಹೆಚ್ಚಿಸಬಹುದು.

ಒಳಗೆ ಹೋಗುವ ಮುನ್ನ

ಬಾಯಿ ಒಣಗುವುದು, ಅಂಗೈ ಬೆವರುವುದು ದೇಹ ಎಚ್ಚರಗೊಂಡಿರುವುದರ ಗುರುತು. ಸ್ಕೂಟರ್ ನಿಲ್ಲಿಸಿದ ಮೇಲೆ ಎರಡು ನಿಮಿಷ ಅಲ್ಲೇ ಇರಿ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನಕ್ಕೆ ಬಿಡಿ. ಬಿಡುವುದು ಉದ್ದವಾದಾಗ ಹೃದಯದ ಬಡಿತ ತಗ್ಗುತ್ತದೆ. ಕೂತ ಕೂಡಲೇ ನೀರು ಕುಡಿಯಿರಿ. ಕೈ ನಡುಗುವುದು ಕಂಡರೆ ಮುಚ್ಚಿಡಲು ಹೆಣಗಬೇಡಿ. ‘ಸ್ವಲ್ಪ ಗಾಬರಿ ಆಗಿದೆ’ ಎಂದು ಒಮ್ಮೆ ಹೇಳಿ ಮುಂದೆ ಸಾಗಿ. ಎರಡನೇ ಸಲ ಹೇಳಿದರೆ ಮಾತ್ರ ಸಮಾಧಾನ ಮಾಡುವ ಹೊಣೆ ಎದುರಿನವರ ಮೇಲೆ ಬೀಳುತ್ತದೆ.

ಮೌನ ಬಂದಾಗ ಹಿಂದಕ್ಕೆ ಹೋಗಿ

2011ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಭಾಷಣೆಯ ನಡುವೆ ಬಂದ ನಾಲ್ಕು ಸೆಕೆಂಡಿನ ಮೌನವೇ ಜನರಲ್ಲಿ ತಿರಸ್ಕೃತರಾದ ಭಾವ ಹುಟ್ಟಿಸಿತ್ತು. ನಾಲ್ಕು ಸೆಕೆಂಡ್ ಎಂದರೆ ಚಮಚ ಕೆಳಗಿಟ್ಟು ಟಿಶ್ಯೂ ಎತ್ತಿಕೊಳ್ಳುವಷ್ಟು ಹೊತ್ತು. ಆ ಗಾಬರಿಯಲ್ಲಿ ನಾವು ಮಾಡುವ ತಪ್ಪೆಂದರೆ ಹೊಚ್ಚಹೊಸ ಪ್ರಶ್ನೆಯೊಂದನ್ನು ಎಸೆಯುವುದು: ‘ಮತ್ತೆ, ಹವ್ಯಾಸ ಏನು?’

ಒಂದು ಉದಾಹರಣೆ. ಹುಡುಗ ಉಡುಪಿಯವನು, ಹುಡುಗಿ ಮೂಲ್ಕಿಯವಳು. ಅವಳು ಹೇಳಿದ್ದಾಳೆ: ‘ಆಡಿಟರ್ ಕಚೇರಿಯಲ್ಲಿ ಕೆಲಸ. ಮಾರ್ಚ್‌ನಲ್ಲಿ ಮಾತ್ರ ತುಂಬಾ ತಡವಾಗುತ್ತದೆ, ಬಸ್ಸಿಗೆ ಓಡುವುದೇ ಆಗುತ್ತದೆ.’ ಮೌನ. ಇಲ್ಲಿ ಹಿಡಿದುಕೊಳ್ಳಲು ಎರಡು ಎಳೆಗಳಿವೆ: ಮಾರ್ಚ್ ಮತ್ತು ಬಸ್ಸು. ಹವ್ಯಾಸದ ಗೊಡವೆ ಬಿಟ್ಟು ಅವನು ಹೀಗೆ ಕೇಳಬಹುದು: ‘ಆಗ ಬಸ್ಸಿಗೆ ಓಡುವುದು ಅಂದಿರಲ್ಲ, ಯಾವತ್ತಾದರೂ ತಪ್ಪಿದೆಯೇ?’ ಇದಕ್ಕೆ ಬರುವ ಉತ್ತರದಲ್ಲಿ ಒಂದು ರಾತ್ರಿ ಇರುತ್ತದೆ, ಕರೆದುಕೊಂಡು ಹೋಗಲು ಬಂದ ಅಣ್ಣ ಇರುತ್ತಾನೆ, ಬೈಗುಳವೂ ಇರಬಹುದು. ಹವ್ಯಾಸದ ಪ್ರಶ್ನೆಗೆ ಬರುವುದು ‘ಹಾಡು ಕೇಳುತ್ತೇನೆ’ ಎಂಬಷ್ಟೇ.

ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಎದುರಿನವರ ಮಾತಿನ ಬೆನ್ನು ಹಿಡಿದು ಹೆಚ್ಚು ಪ್ರಶ್ನೆ ಕೇಳಿದವರಿಗೆ ಎರಡನೇ ಭೇಟಿಗೆ ಒಪ್ಪಿಗೆ ಸಿಕ್ಕಿದ್ದು ಹೆಚ್ಚು. ಆದರೆ ಬರೀ ಕೇಳುತ್ತಾ ಹೋದರೆ ಕೆಲಸದ ಸಂದರ್ಶನವಾಗುತ್ತದೆ. ಎರಡು ಪ್ರಶ್ನೆಗೊಮ್ಮೆ ನಿಮ್ಮದನ್ನೂ ಎರಡು ವಾಕ್ಯ ಸೇರಿಸಿ. ಅವನಾದರೆ ತಾನು ಬಸ್ಸಿನಲ್ಲಿ ನಿದ್ದೆಹೋಗಿ ಸುರತ್ಕಲ್‌ನಲ್ಲಿ ಇಳಿಯಬೇಕಾದವನು ಪಡುಬಿದ್ರಿಯಲ್ಲಿ ಎಚ್ಚರವಾದದ್ದನ್ನು ಹೇಳಿಕೊಳ್ಳಬಹುದು. ಅವಳಿಗೆ ನಗುವ ಅವಕಾಶ ಸಿಗಬೇಕು.

ಏನೂ ಹೊಳೆಯದೆ ತಲೆ ಪೂರ್ತಿ ಖಾಲಿಯಾದರೆ, ಪ್ರಶ್ನೆಯನ್ನೇ ಬಿಡಿ. ಕಣ್ಣೆದುರು ಇರುವುದರ ಬಗ್ಗೆ ಒಂದು ಮಾತಾಡಿ, ಉತ್ತರಕ್ಕೆ ಕಾಯಬೇಡಿ. ಮಾತಾಡುವ ಭಾಷೆಯೂ ಒಂದು ದಾರಿಯೇ. ಇಬ್ಬರಿಗೂ ತುಳುವೋ ಕೊಂಕಣಿಯೋ ಬರುತ್ತಿದ್ದು, ಸಂಕೋಚಕ್ಕೆ ಪುಸ್ತಕದ ಕನ್ನಡದಲ್ಲಿ ತಡವರಿಸುತ್ತಿದ್ದರೆ, ಅದರಲ್ಲೇ ಮಾತಾಡೋಣವೇ ಎಂದು ಕೇಳಿಬಿಡಿ. ಅರ್ಧ ಬಿಗುಪು ಅಲ್ಲೇ ಸಡಿಲವಾಗುತ್ತದೆ.

ಯಾವ ಮೌನ ಎಂದು ಗುರುತಿಸುವುದು

ಎದುರಿನವರು ಗ್ಲಾಸನ್ನೋ ಸಮುದ್ರವನ್ನೋ ನೋಡುತ್ತಾ ಸುಮ್ಮನಿದ್ದರೆ ಅವರು ಯೋಚಿಸುತ್ತಿರಬಹುದು. ಆಗ ತುಂಬಲು ಹೋಗಬೇಡಿ. ಬಾಗಿಲ ಕಡೆಗೇ ಕಣ್ಣು ಹೋಗುತ್ತಿದ್ದರೆ ಪರಿಚಯದವರು ಬಂದಾರೆಂಬ ಭಯ ಇರಬಹುದು, ಮೂಲೆಯ ಮೇಜಿಗೆ ಹೋಗೋಣವೇ ಎಂದು ಕೇಳಿ. ಆದರೆ ಬೆನ್ನು ಹಿಡಿದು ಕೇಳಿದ ಮೂರು ಪ್ರಶ್ನೆಗೂ ಒಂದೇ ಪದದ ಉತ್ತರ ಬಂದು, ನಿಮ್ಮ ಬಗ್ಗೆ ಒಂದನ್ನೂ ಕೇಳದೆ ಕೈ ಮೊಬೈಲಿಗೆ ಹೋಗುತ್ತಿದ್ದರೆ ಅಲ್ಲಿ ಯಾವ ಉಪಾಯವೂ ನಡೆಯುವುದಿಲ್ಲ. ಬಿಲ್ ತರಿಸಿ, ‘ನಿಮಗೆ ತಡವಾಗುತ್ತದೇನೋ, ಹೊರಡೋಣ’ ಎಂದು ನೀವೇ ಏಳಿ. ಬಸ್ ನಿಲ್ದಾಣದವರೆಗೆ ಬರುತ್ತೇನೆಂದು ಒತ್ತಾಯ ಮಾಡುವುದು ಬೇಡ.