ವಾರಕ್ಕೆ ನಾಲ್ಕೇ ದಿನ ಕೆಲಸ: ಮ್ಯಾನೇಜರ್ ಮುಂದೆ ಮನವಿ ಇಡುವುದು ಹೇಗೆ?

ಕೆಲಸದ ಅವಧಿ ಕಡಿಮೆ ಮಾಡಿಕೊಡಿ ಎಂಬ ಮನವಿ ಕೈಗೆ ಬಂದಾಗ ಮ್ಯಾನೇಜರ್ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಬಿಟ್ಟುಹೋಗುವ ಗಂಟೆಗಳ ಕೆಲಸವನ್ನು ಇನ್ನು ಯಾರು ಮಾಡುತ್ತಾರೆ? ಬಹಳಷ್ಟು ಮನವಿಗಳು ಮನೆಯ ಕಾರಣಗಳನ್ನು ಪುಟಗಟ್ಟಲೆ ವಿವರಿಸಿ, ಈ ಪ್ರಶ್ನೆಗೆ ಮಾತ್ರ ‘ಹೇಗಾದರೂ ನಿಭಾಯಿಸುತ್ತೇನೆ’ ಎಂಬ ಒಂದು ಸಾಲು ಬರೆದು ಮುಗಿಯುತ್ತವೆ. ಅವು ಬಿದ್ದುಹೋಗುವುದೂ ಅಲ್ಲಿಯೇ. ಕಾರಣಕ್ಕೆ ಒಂದೆರಡು ವಾಕ್ಯ ಸಾಕು. ಅದು ಉದ್ದವಾದಷ್ಟೂ ಚರ್ಚೆ ಕೆಲಸದ ವ್ಯವಸ್ಥೆಯನ್ನು ಬಿಟ್ಟು ನಿಮ್ಮ ಖಾಸಗಿ ಬದುಕಿನ ಕಡೆಗೆ ತಿರುಗುತ್ತದೆ.

ಕೇಳುತ್ತಿರುವುದು ಏನೆಂಬುದನ್ನು ಮೊದಲೇ ನಿಖರವಾಗಿ ಗೊತ್ತುಮಾಡಿಕೊಳ್ಳಬೇಕು. ವಾರದ 40 ಗಂಟೆಯನ್ನು ಹಾಗೆಯೇ ಉಳಿಸಿಕೊಂಡು ಬರುವ ಹೋಗುವ ಸಮಯವನ್ನು ಬದಲಿಸುವುದು ಒಂದು ಬಗೆ. ಅದೇ 40 ಗಂಟೆಯನ್ನು ದಿನಕ್ಕೆ ಹತ್ತರಂತೆ ನಾಲ್ಕು ದಿನಕ್ಕೆ ಅಡಕ ಮಾಡುವುದು ಇನ್ನೊಂದು. ಇವೆರಡರಲ್ಲಿ ಸಂಬಳ ಸಾಮಾನ್ಯವಾಗಿ ಬದಲಾಗುವುದಿಲ್ಲ. ಗಂಟೆಗಳನ್ನೇ 32ಕ್ಕೆ ಇಳಿಸಿದರೆ ಅದು ಪಾರ್ಟ್‌ಟೈಮ್, ಸಂಬಳವೂ ಶೇ 80ಕ್ಕೆ ಇಳಿಯುತ್ತದೆ. ಕೆಲಸದ ಹಂಚಿಕೆಯ ಯೋಜನೆ ಅತ್ಯಗತ್ಯವಾಗಿ ಬೇಕಾಗುವುದು ಈ ಮೂರನೆಯದಕ್ಕೆ. ಆದ್ದರಿಂದ ಅದನ್ನೇ ಒಂದು ಉದಾಹರಣೆಯ ಮೂಲಕ ನೋಡೋಣ.

ಗಂಟೆಗಳ ಲೆಕ್ಕ

ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಸರಬರಾಜುದಾರರ ಬಿಲ್ ಪಾವತಿಯನ್ನು ನೋಡಿಕೊಳ್ಳುವ ಒಬ್ಬ ಉದ್ಯೋಗಿ ಇದ್ದಾರೆ ಎಂದುಕೊಳ್ಳಿ. ಮನವಿ ಬರೆಯುವುದಕ್ಕೆ ಮುನ್ನ ಅವರು ನಾಲ್ಕು ವಾರ ತಮ್ಮ ಸಮಯ ಎಲ್ಲಿ ಹೋಗುತ್ತಿದೆ ಎಂಬುದನ್ನು ದಿನದಿನವೂ ಬರೆದಿಡಬೇಕು. ಒಂದೇ ವಾರದ ಲೆಕ್ಕ ಸಾಲದು, ಏಕೆಂದರೆ ತಿಂಗಳ ಲೆಕ್ಕ ಮುಗಿಸುವ ದಿನಗಳ ಒತ್ತಡ ಅದರಲ್ಲಿ ಸಿಗದೇ ಹೋಗಬಹುದು. ಸರಾಸರಿ ತೆಗೆದಾಗ ವಾರಕ್ಕೆ ಬಿಲ್ ಪರಿಶೀಲನೆ ಮತ್ತು ದಾಖಲೆಗೆ 14 ಗಂಟೆ, ಪಾವತಿಗೆ 5, ಬ್ಯಾಂಕ್ ಲೆಕ್ಕ ತಾಳೆ ನೋಡಲು 4, ವರದಿಗಳಿಗೆ 6, ಸರಬರಾಜುದಾರರ ಫೋನ್ ಮತ್ತು ಮೇಲ್‌ಗಳಿಗೆ 6, ಮೀಟಿಂಗ್‌ಗಳಿಗೆ 5 ಗಂಟೆ ಎಂದು ಬಂತು. ಒಟ್ಟು 40.

ಇದರಲ್ಲಿ 8 ಗಂಟೆ ಹೊರಹೋಗಬೇಕು. ಬರೀ ಕೇಳಿಸಿಕೊಳ್ಳಲು ಕೂರುವ ಎರಡು ಮೀಟಿಂಗ್‌ಗಳ ಬದಲಿಗೆ ಅವುಗಳ ಟಿಪ್ಪಣಿ ಓದಿಕೊಂಡರೆ 2 ಗಂಟೆ ಉಳಿಯುತ್ತದೆ. ಸರಬರಾಜುದಾರರು ಹೆಚ್ಚಾಗಿ ಕೇಳುವುದು ‘ನಮ್ಮ ಹಣ ಯಾವಾಗ ಬರುತ್ತದೆ’ ಎಂದೇ ಆಗಿರುವುದರಿಂದ, ಬಿಲ್ ಸ್ವೀಕರಿಸಿದ ದಿನವೇ ಪಾವತಿಯ ದಿನಾಂಕ ತಿಳಿಸುವ ಮೇಲ್ ಕಳುಹಿಸಿದರೆ ಇನ್ನೂ 2 ಗಂಟೆ ಉಳಿಯಬಹುದು. ಯಾರೂ ತೆರೆದು ನೋಡದ ವಾರದ ವರದಿಯೊಂದು ಎಲ್ಲ ಕಚೇರಿಗಳಲ್ಲೂ ಇದ್ದೇ ಇರುತ್ತದೆ. ಅದನ್ನು ನಿಲ್ಲಿಸಿದರೆ 1 ಗಂಟೆ. ಅಲ್ಲಿಗೆ 5 ಗಂಟೆಯಾಯಿತು. ಉಳಿದ 3 ಗಂಟೆ ಮಾಯವಾಗುವುದಿಲ್ಲ, ಅದು ಇನ್ನೊಬ್ಬರ ಕೈಗೇ ಹೋಗಬೇಕು. ಸಣ್ಣ ಮೊತ್ತದ ಬಿಲ್‌ಗಳ ದಾಖಲೆಯನ್ನು ಕಿರಿಯ ಸಹೋದ್ಯೋಗಿಗೆ ವಹಿಸಬಹುದು ಎಂದು ಸೂಚಿಸುವುದಾದರೆ, ಅದನ್ನು ಮುಚ್ಚುಮರೆಯಿಲ್ಲದೆ ಬರೆದು, ಅವರ ಬೇರೆ ಯಾವ ಕೆಲಸ ಕಡಿಮೆಯಾಗಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರವನ್ನು ಮ್ಯಾನೇಜರ್‌ಗೇ ಬಿಡುವುದು ಸರಿ. ಸಹೋದ್ಯೋಗಿಯ ಮೇಲೆ ಸದ್ದಿಲ್ಲದೆ ಹೊರೆ ಹಾಕಿದ ವ್ಯವಸ್ಥೆ ಹೆಚ್ಚು ದಿನ ಬಾಳುವುದಿಲ್ಲ.

ರಜೆಯ ದಿನವನ್ನು ಆರಿಸುವಾಗಲೂ ಕೆಲಸದ ಓಟವನ್ನು ನೋಡಬೇಕು. ಪಾವತಿ ನಡೆಯುವುದು ಗುರುವಾರವಾದರೆ ಅದರ ಹಿಂದಿನ ದಿನ ಗೈರಾಗುವುದು ತರವಲ್ಲ. ಶುಕ್ರವಾರ ಅಥವಾ ಸೋಮವಾರ ಕೇಳಬಹುದು. ತಿಂಗಳ ಮೊದಲ ಮೂರು ಕೆಲಸದ ದಿನಗಳಲ್ಲಿ ಹಿಂದಿನ ತಿಂಗಳ ಲೆಕ್ಕ ಮುಗಿಯಬೇಕಿದ್ದು, ಆ ಶುಕ್ರವಾರ ಅದರೊಳಗೆ ಬಿದ್ದರೆ ರಜೆಯನ್ನು ಮುಂದಿನ ವಾರದ ಇನ್ನೊಂದು ದಿನಕ್ಕೆ ಬದಲಿಸಿಕೊಳ್ಳುವುದಾಗಿ ನೀವೇ ಬರೆದುಬಿಡಿ. ಮ್ಯಾನೇಜರ್ ಎತ್ತಬಹುದಾದ ಮೊದಲ ಆಕ್ಷೇಪಕ್ಕೆ ಅಲ್ಲಿಯೇ ಉತ್ತರ ಸಿಕ್ಕಿರುತ್ತದೆ.

ಪ್ರಾಯೋಗಿಕ ಅವಧಿ

ಶಾಶ್ವತ ಬದಲಾವಣೆಗೆ ಒಪ್ಪಲು ಹಿಂಜರಿಯುವವರೂ ಪ್ರಯೋಗಕ್ಕೆ ಒಪ್ಪುತ್ತಾರೆ. ಆದರೆ ಅದರ ಅವಧಿ ನಾಲ್ಕು ವಾರವಾದರೆ ಹೊಸ ಉತ್ಸಾಹದಲ್ಲೇ ಕಳೆದುಹೋಗುತ್ತದೆ. 12 ವಾರ ಕೇಳಿದರೆ ಎರಡು ಮೂರು ಬಾರಿ ತಿಂಗಳ ಲೆಕ್ಕ ಮುಗಿಸುವ ಕೆಲಸ ಅದರೊಳಗೆ ಬರುತ್ತದೆ, ವ್ಯವಸ್ಥೆಯ ನಿಜವಾದ ಬಲ ಮತ್ತು ದೌರ್ಬಲ್ಯ ಆಗ ಕಾಣಿಸುತ್ತವೆ.

ಅಳತೆಗೋಲುಗಳು ಎರಡೋ ಮೂರೋ ಇದ್ದರೆ ಸಾಕು, ಅವು ಈಗಾಗಲೇ ದಾಖಲಾಗುತ್ತಿರುವ ಅಂಕಿಗಳಾಗಿರಲಿ: ಬಿಲ್ ಬಂದ ದಿನದಿಂದ ಪಾವತಿಯಾಗುವವರೆಗಿನ ಸರಾಸರಿ ದಿನಗಳು, ಎರಡು ದಿನ ಕಳೆದರೂ ಉತ್ತರ ಸಿಗದ ಮೇಲ್‌ಗಳು, ತಿಂಗಳ ಲೆಕ್ಕ ಮುಗಿದ ದಿನಾಂಕ. ಪ್ರಯೋಗ ಶುರುವಾಗುವ ಮುನ್ನವೇ ಈಗಿನ ಸ್ಥಿತಿಯ ಅಂಕಿಗಳನ್ನು ಬರೆದಿಡದಿದ್ದರೆ, ಮೊದಲೂ ತಡವಾಗುತ್ತಿದ್ದ ಕೆಲಸದ ದೂರು ಕೊನೆಯಲ್ಲಿ ನಿಮ್ಮ ಹೊಸ ವೇಳಾಪಟ್ಟಿಯ ಮೇಲೆ ಬೀಳುತ್ತದೆ. ನಾಲ್ಕನೇ ಮತ್ತು ಎಂಟನೇ ವಾರದ ಕೊನೆಗೆ ಅರ್ಧ ಗಂಟೆಯ ಪರಿಶೀಲನೆ, 11ನೇ ವಾರದಲ್ಲಿ ತೀರ್ಮಾನ ಎಂದು ದಿನಾಂಕಗಳನ್ನು ನಮೂದಿಸಿ. ಪ್ರಯೋಗ ವಿಫಲವಾದರೆ ಹಳೆಯ ಅವಧಿ, ಹಳೆಯ ಸಂಬಳ ಮತ್ತು ಹಳೆಯ ಹುದ್ದೆಗೆ ಮರಳುವ ಹಕ್ಕು ನಿಮಗಿದೆ ಎಂಬುದೂ ಬರಹದಲ್ಲಿರಬೇಕು. ಬಾಯಿಮಾತಿನ ಒಪ್ಪಂದ ಮ್ಯಾನೇಜರ್ ವರ್ಗವಾದ ದಿನವೇ ಅಳಿಸಿಹೋಗುತ್ತದೆ.

ಪತ್ರ ಮತ್ತು ಮಾತುಕತೆ

ಪತ್ರ ಒಂದು ಪುಟ ಮೀರದಿರಲಿ, ಗಂಟೆಗಳ ಪಟ್ಟಿ ಅದರ ಜೊತೆಗಿರಲಿ. ಮುಖ್ಯ ಭಾಗ ಹೀಗಿರಬಹುದು:

‘ಮಾನ್ಯರೆ, ಮುಂದಿನ ತಿಂಗಳ ಮೊದಲ ವಾರದಿಂದ 12 ವಾರಗಳ ಕಾಲ ಪ್ರಾಯೋಗಿಕವಾಗಿ, ಶುಕ್ರವಾರ ಹೊರತುಪಡಿಸಿ ವಾರಕ್ಕೆ 32 ಗಂಟೆ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ಸಂಬಳ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ ಎಂಬುದು ನನಗೆ ತಿಳಿದಿದೆ. ಕಡಿಮೆಯಾಗುವ 8 ಗಂಟೆಗಳ ಕೆಲಸವನ್ನು ಹೇಗೆ ಸರಿದೂಗಿಸಬಹುದು ಎಂಬ ಯೋಜನೆಯನ್ನು ಲಗತ್ತಿಸಿದ್ದೇನೆ. ಇದರಲ್ಲಿ ನಿಮಗೆ ಸರಿಕಾಣದ ಭಾಗವನ್ನು ಬದಲಿಸಲು ಸಿದ್ಧನಿದ್ದೇನೆ.’

ಪತ್ರ ಕಳುಹಿಸುವ ಮುನ್ನ ಗಳಿಕೆ ರಜೆ, ಭವಿಷ್ಯನಿಧಿ, ವಿಮೆಯಂಥ ಸೌಲಭ್ಯಗಳ ಮೇಲೆ ಆಗುವ ಪರಿಣಾಮವನ್ನು ಮಾನವ ಸಂಪನ್ಮೂಲ ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ. ಸಾರ್ವಜನಿಕ ರಜೆ ಶುಕ್ರವಾರವೇ ಬಂದರೆ ಏನು ಎಂಬ ಸಣ್ಣ ಪ್ರಶ್ನೆಯೂ ಮುಂದೆ ಜಗಳಕ್ಕೆ ಎಡೆಮಾಡುತ್ತದೆ. ಕೆಲವು ದೇಶಗಳಲ್ಲಿ ಇಂಥ ಮನವಿಗೆ ಕಾನೂನಿನ ಆಸರೆಯೂ ಇದೆ: ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಉದ್ಯೋಗಿಯು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಮನವಿ ಸಲ್ಲಿಸಬಹುದು.

ಮಾತುಕತೆಯಲ್ಲಿ ‘ಆಗುವುದಿಲ್ಲ’ ಎಂಬ ಉತ್ತರ ಬಂದರೆ ಪಟ್ಟಿಯ ಯಾವ ಸಾಲು ಅಡ್ಡಿಯಾಗುತ್ತಿದೆ ಎಂದು ಕೇಳಿ. ಕಿರಿಯರಿಗೆ ಹೋಗುವ 3 ಗಂಟೆಯೇ ತೊಡಕಾದರೆ, ಅದನ್ನು ನೀವೇ ಉಳಿಸಿಕೊಂಡು ವಾರಕ್ಕೆ 35 ಗಂಟೆ, ಅಂದರೆ ಶುಕ್ರವಾರ ಬೆಳಿಗ್ಗೆ ಮೂರು ಗಂಟೆ ಕೆಲಸ ಎಂಬ ಬದಲಿ ಸಲಹೆ ಕೈಯಲ್ಲಿರಲಿ.

ಎಲ್ಲಿ ಎಡವುತ್ತದೆ?

ಅನುಮತಿ ಸಿಕ್ಕ ಮೇಲೆ ಪಾರ್ಟ್‌ಟೈಮ್ ಕೆಲಸ ಕೆಡುವ ಸಾಮಾನ್ಯ ದಾರಿಯೆಂದರೆ, ಸಂಬಳ ಶೇ 80, ಕೆಲಸ ಮಾತ್ರ ನೂರಕ್ಕೆ ನೂರು ಎಂಬ ಸ್ಥಿತಿ. ಇದು ಒಂದೇ ದಿನದಲ್ಲಿ ಬರುವುದಿಲ್ಲ. ಮೊದಲು ಶುಕ್ರವಾರ ಒಂದು ಮೇಲ್‌ಗೆ ಉತ್ತರಿಸುತ್ತೀರಿ, ಆಮೇಲೆ ಅದೇ ದಿನ ಒಂದು ಮೀಟಿಂಗ್‌ಗೆ ಕರೆ ಬರುತ್ತದೆ, ನಿಲ್ಲಿಸಿದ್ದ ವರದಿ ‘ಈ ಒಂದು ಸಲ’ ಎಂದು ಮರಳುತ್ತದೆ. ಆದ್ದರಿಂದ ಪ್ರಯೋಗದ 12 ವಾರವೂ ಗಂಟೆಗಳನ್ನು ಬರೆಯುತ್ತಲೇ ಇರಬೇಕು. ಸತತ ಮೂರು ವಾರ 35 ಗಂಟೆ ದಾಟಿದರೆ ಮುಂದಿನ ಪರಿಶೀಲನೆಗೆ ಕಾಯದೆ ಪಟ್ಟಿಯನ್ನು ಮ್ಯಾನೇಜರ್ ಮುಂದಿಟ್ಟು, ಯಾವ ಕೆಲಸ ಬಿಡಬೇಕು ಎಂದು ಕೇಳಿ. ಬಿಡುವಂಥದ್ದು ಏನೂ ಇಲ್ಲವೆಂದಾದರೆ, ಸಂಬಳವನ್ನು ನಿಜವಾದ ಗಂಟೆಗಳಿಗೆ ಹೊಂದಿಸಬೇಕೆಂದು ಕೇಳುವುದು ನ್ಯಾಯವೇ.

11ನೇ ವಾರದ ಸಭೆಗೆ ಆರಂಭದ ಮತ್ತು ಈಗಿನ ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹೋಗಿ. ವ್ಯವಸ್ಥೆ ಮುಂದುವರಿಯುವುದೆಂದು ತೀರ್ಮಾನವಾದರೆ, ಗಂಟೆ, ದಿನ, ಸಂಬಳ, ನಿಲ್ಲಿಸಿದ ಕೆಲಸಗಳು ಮತ್ತು ಮುಂದಿನ ಪರಿಶೀಲನೆಯ ದಿನಾಂಕವನ್ನು ಬರೆದ ಮೇಲ್ ಅನ್ನು ಅಂದೇ ಮ್ಯಾನೇಜರ್‌ಗೂ ಮಾನವ ಸಂಪನ್ಮೂಲ ವಿಭಾಗಕ್ಕೂ ಕಳುಹಿಸಿ, ಲಿಖಿತ ಒಪ್ಪಿಗೆ ಪಡೆದುಕೊಳ್ಳಿ.