ಹಾಲನ್ನು ಬಾಗಿಲಿನಿಂದ ಒಳಗೆ ತಂದ ಮೇಲೆ

ನಮ್ಮ ಮನೆಯಲ್ಲಿ ಎರಡು ವರ್ಷ ಒಂದೇ ಗೋಳು. ಹಾಲು ತಂದು ಫ್ರಿಜ್‌ನಲ್ಲಿಟ್ಟರೂ ಮೂರನೇ ದಿನ ಕಾಯಿಸಲು ಇಟ್ಟರೆ ಒಡೆಯುತ್ತಿತ್ತು. ಸೊಪ್ಪು ಒಂದು ಕಡೆ ಹಳದಿಯಾದರೆ ಇನ್ನೊಂದು ಕಡೆ ಗಾಜಿನ ಹಾಗೆ ಹೆಪ್ಪುಗಟ್ಟಿ, ಹೊರಗೆ ತೆಗೆದ ಕೂಡಲೇ ನೀರಾಗುತ್ತಿತ್ತು. ತಿಂಗಳ ತರಕಾರಿ ಖರ್ಚಿನಲ್ಲಿ ಸುಮಾರು ಕಾಲು ಭಾಗ ಕಸಕ್ಕೇ ಹೋಗುತ್ತಿತ್ತು. ಫ್ರಿಜ್ ಹಳೆಯದಾಯಿತು, ಹೊಸದು ತರೋಣ ಅಂತ ಮನೆಯವರೆಲ್ಲ ಹೇಳಿದರು. ರಿಪೇರಿಯವರು ಬಂದು ನೋಡಿ, ಗ್ಯಾಸ್ ಸರಿಯಿದೆ, ಬಾಗಿಲಿನ ರಬ್ಬರ್ ಕೂಡ ಸರಿಯಿದೆ ಅಂದರು. ಬರೀ ಜಾಗ ಬದಲಿಸಿದರೆ ಸರಿಹೋಗುತ್ತದೆ ಅಂತ ನಾನು ಹೇಳಿದಾಗ ಯಾರೂ ನಂಬಲಿಲ್ಲ. "ಒಂದೇ ಪೆಟ್ಟಿಗೆ, ಎಲ್ಲಿ ಇಟ್ಟರೂ ಅದೇ ತಂಪು ತಾನೇ?" ಅಂದರು ಅತ್ತೆ.

ಅದೇ ತಂಪು ಅಲ್ಲ ಅಂತ ತೋರಿಸಲು ಅಳೆಯಲೇಬೇಕಾಯಿತು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ. ಅದು ಮೈಬಿಸಿಯ ಆಸುಪಾಸು ಮಾತ್ರ ತೋರಿಸುತ್ತದೆ. ಅಡುಗೆಗೆ ಬಳಸುವ, ಸೊನ್ನೆಗಿಂತ ಕೆಳಗೂ ತೋರಿಸುವಂಥದ್ದು ಬೇಕು. ಮೊದಲ ವಾರ ಅದನ್ನು ಸುಮ್ನೆ ಶೆಲ್ಫ್ ಮೇಲೆ ಇಟ್ಟೆ. ಬಾಗಿಲು ತೆರೆದಾಗ ಒಂದು ಅಂಕಿ, ಮುಚ್ಚಿದಾಗ ಇನ್ನೊಂದು. ಆ ವಾರ ಪೂರ್ತಿ ದಂಡವಾಯಿತು. ಗಾಳಿ ಬೇಗ ಬಿಸಿಯಾಗಿ ಬೇಗ ತಣ್ಣಗಾಗುತ್ತದೆ, ಹಾಲು ಹಾಗಲ್ಲ. ಆಮೇಲೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ, ಒಂದೊಂದು ರಾತ್ರಿ ಒಂದೊಂದು ಜಾಗದಲ್ಲಿಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಿದೆ.

ನನ್ನದು ಎರಡು ಬಾಗಿಲಿನ, ಮೇಲೆ ಫ್ರೀಜರ್ ಇರುವ, ಮಂಜು ಕಟ್ಟದ ಫ್ರಿಜ್. ನೆನಪಿನಿಂದ ಹೇಳುವುದಾದರೆ ಬಾಗಿಲಿನ ಮೇಲಿನ ಅಂಕಣದಲ್ಲಿ 9 ಡಿಗ್ರಿ ಇತ್ತು. ಮೇಲಿನ ಶೆಲ್ಫ್ 6, ಮಧ್ಯದ್ದು 5ರ ಹತ್ತಿರ. ತರಕಾರಿ ಡ್ರಾಯರ್‌ನ ಮೇಲಿರುವ ಕೆಳಗಿನ ಶೆಲ್ಫಿನ ಒಳಭಾಗ 2 ಅಥವಾ 3, ಡ್ರಾಯರ್ ಒಳಗೆ 7. ಒಂದೇ ಪೆಟ್ಟಿಗೆಯಲ್ಲಿ ಆರೇಳು ಡಿಗ್ರಿ ವ್ಯತ್ಯಾಸ! ಹಿಂದಿನ ಗೋಡೆಯಲ್ಲಿ ತಣ್ಣನೆ ಗಾಳಿ ಬರುವ ಕಿಂಡಿಯ ಮುಂದೆ ಲೋಟ ಇಟ್ಟ ರಾತ್ರಿ ನೀರಿನ ಮೇಲೆ ತೆಳು ಮಂಜಿನ ಪದರವೇ ಕಟ್ಟಿತ್ತು. ನನ್ನ ಸೊಪ್ಪು ಗಾಜಾಗಿದ್ದು ಅಲ್ಲೇ.

ಹಾಲು ಯಾಕೆ ಒಡೆಯುತ್ತಿತ್ತು ಅಂತ ಆಗಲೇ ಗೊತ್ತಾಯಿತು. ಹಾಲಿಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬೇಕು. ನಾನು ಅದನ್ನು ಇಡುತ್ತಿದ್ದದ್ದು ಎಲ್ಲಕ್ಕಿಂತ ಬಿಸಿಯಾದ, ದಿನಕ್ಕೆ ಇಪ್ಪತ್ತು ಸಲ ಹೊರಗಿನ ಗಾಳಿ ತಾಗುವ ಬಾಗಿಲಿನಲ್ಲಿ. ಬಾಟಲಿ ಕೂರುವ ಹಾಗೆ ಅಲ್ಲಿ ಅಂಕಣ ಮಾಡಿದ್ದಾರೆ ಅಂತ ಎಲ್ಲರೂ ಅಲ್ಲೇ ಇಡುತ್ತೇವೆ, ಅಲ್ವಾ? ಒಂದೇ ದಿನ ತಂದ ಎರಡು ಹಾಲಿನಲ್ಲಿ ಒಂದನ್ನು ಬಾಗಿಲಿನಲ್ಲಿ, ಇನ್ನೊಂದನ್ನು ಕೆಳಗಿನ ಶೆಲ್ಫಿನ ಒಳಭಾಗದಲ್ಲಿ ಇಟ್ಟೆ. ಬಾಗಿಲಿನದು ಮೂರನೇ ದಿನ ಒಡೆಯಿತು. ಒಳಗಿನದು ಆರನೇ ದಿನವೂ ಚೆನ್ನಾಗಿ ಕಾಯಿತು. ಅತ್ತೆ ತಾವೇ ರುಚಿ ನೋಡಿ ಮಾತು ನಿಲ್ಲಿಸಿದರು. ಈಗ ಬಾಗಿಲಿನಲ್ಲಿ ನೀರು, ಉಪ್ಪಿನಕಾಯಿ, ಸಾಸ್ ಬಿಟ್ಟು ಬೇರೇನೂ ಇಲ್ಲ.

ಮೊಟ್ಟೆಯೂ ಬಾಗಿಲಿನಿಂದ ಒಳಗೆ ಬಂತು, ಆದರೆ ಹಾಲಿನಷ್ಟು ತಂಪು ಅದಕ್ಕೆ ಬೇಕಿಲ್ಲ. ಅದಕ್ಕೆ ಬೇಕಾದ್ದು ಏರಿಳಿತ ಇಲ್ಲದ ಜಾಗ. ತಣ್ಣನೆ ಮೊಟ್ಟೆಗೆ ಪದೇಪದೇ ಬಿಸಿ ಗಾಳಿ ತಾಗಿದರೆ ಚಿಪ್ಪಿನ ಮೇಲೆ ತೇವ ಕೂರುತ್ತದೆ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ತೇವದ ಜೊತೆ ಕೊಳೆಯೂ ಒಳಗೆ ಹೋಗಬಹುದು. ಮಧ್ಯದ ಶೆಲ್ಫಿನಲ್ಲಿ, ಮುಚ್ಚಿದ ಡಬ್ಬದಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡುತ್ತೇನೆ. ತೊಳೆದು ಇಡುವುದಿಲ್ಲ. ಡಬ್ಬ ಮುಚ್ಚುವುದು ವಾಸನೆಗಾಗಿ. ಒಮ್ಮೆ ಹೆಚ್ಚಿದ ಈರುಳ್ಳಿ ಪಕ್ಕದಲ್ಲಿ ತೆರೆದಿಟ್ಟ ಮೊಟ್ಟೆಗೆ ಈರುಳ್ಳಿ ವಾಸನೆ ಹತ್ತಿತ್ತು. ಆರು ಮೊಟ್ಟೆ ಬಾಗಿಲಿನಲ್ಲಿ, ಆರು ಮಧ್ಯದಲ್ಲಿ ಇಟ್ಟು ಮೂರು ವಾರ ಕಾದೆ. ನೀರಿಗೆ ಹಾಕಿದಾಗ ಬಾಗಿಲಿನವು ನೆಟ್ಟಗೆ ನಿಂತವು, ಮಧ್ಯದವು ಸ್ವಲ್ಪವೇ ತಲೆ ಎತ್ತಿ ಮಲಗಿದ್ದವು. ಒಳಗಿನ ನೀರು ಆವಿಯಾಗಿ ಹೋದಷ್ಟೂ ಗಾಳಿ ಜಾಗ ದೊಡ್ಡದಾಗಿ ಮೊಟ್ಟೆ ಏಳುತ್ತದೆ.

ಅಡುಗೆ ಮಾಡಿದ್ದರಲ್ಲಿ ನಾನು ಜಾಸ್ತಿ ನಷ್ಟ ಮಾಡಿಕೊಂಡೆ. ಒಂದು ದಿನ ಆಳವಾದ ಪಾತ್ರೆ ತುಂಬ ಸಾರನ್ನು ಹಬೆಯಾಡುವಾಗಲೇ ಕೆಳಗಿನ ಶೆಲ್ಫಿನಲ್ಲಿ, ಹಾಲಿನ ಪಕ್ಕ ಇಟ್ಟೆ. ನಾಲ್ಕು ತಾಸಿನ ಮೇಲೆ ಪಾತ್ರೆಯ ನಡುವೆ ಥರ್ಮಾಮೀಟರ್ ಚುಚ್ಚಿದರೆ ಇನ್ನೂ 25 ಡಿಗ್ರಿ! ಪಕ್ಕದ ಹಾಲು 7ಕ್ಕೆ ಏರಿತ್ತು. ಮಾರನೇ ದಿನ ಹಾಲೂ ಹೋಯಿತು, ಸಾರೂ ಹಳಸಿತು. ಹಾಗಂತ ಪೂರ್ತಿ ಆರಲಿ ಅಂತ ರಾತ್ರಿಯಿಡೀ ಹೊರಗೆ ಬಿಡುವುದೂ ತಪ್ಪು. ಅನ್ನದ ವಿಷಯದಲ್ಲಂತೂ ಅದು ಅಪಾಯ. ಅನ್ನದಲ್ಲಿ ಉಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬೆಚ್ಚಗಿರುವಾಗ ವಿಷ ಬಿಡುತ್ತದೆ, ಮತ್ತೆ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಈಗ ಉಳಿದಿದ್ದನ್ನು ಎರಡು ಬೆರಳಿನಷ್ಟು ಎತ್ತರಕ್ಕೆ ಅಗಲ ಡಬ್ಬಗಳಲ್ಲಿ ಹಂಚುತ್ತೇನೆ. ಹಬೆ ನಿಂತ ಮೇಲೆ, ಒಲೆಯಿಂದ ಇಳಿಸಿ ಎರಡು ತಾಸು ದಾಟುವ ಮೊದಲೇ ಒಳಗೆ ಇಡುತ್ತೇನೆ. ಅದರ ಜಾಗ ಮಧ್ಯದ ಶೆಲ್ಫ್, ಮೊಟ್ಟೆಯಿಂದ ದೂರ. ಮುಚ್ಚಳದ ಮೇಲೆ ತಾರೀಖು ಬರೆಯುತ್ತೇನೆ, ಮೂರು ದಿನ ಆದರೆ ಬಿಸಾಡುತ್ತೇನೆ. ಹಸಿ ಮಾಂಸ ಇಡುವವರು ಅದನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಕೆಳಗಿನ ಶೆಲ್ಫಿನಲ್ಲೇ ಇಡಬೇಕು. ಅದರ ನೀರು ಬೇಯಿಸಿದ್ದರ ಮೇಲೆ ಒಂದು ಹನಿಯೂ ಬೀಳಬಾರದು.

ಡ್ರಾಯರ್ ವಿಷಯದಲ್ಲಿ ಜಾರುವ ಕಿಂಡಿಯನ್ನೇ ನಾನು ಎರಡು ವರ್ಷ ಮುಟ್ಟಿರಲಿಲ್ಲ. ಮುಚ್ಚಿದರೆ ತೇವ ಒಳಗೇ ನಿಲ್ಲುತ್ತದೆ, ಸೊಪ್ಪು ಮತ್ತು ಕ್ಯಾರೆಟ್‌ಗೆ ಅದು ಬೇಕು. ಒಮ್ಮೆ ಕುತೂಹಲಕ್ಕೆ ಒಂದೇ ಕಟ್ಟಿನ ಸೊಪ್ಪನ್ನು ಎರಡು ಚೀಲ ಮಾಡಿ, ಒಂದರಲ್ಲಿ ಸೇಬು ಹಾಕಿ ನೋಡಿದೆ. ಸೇಬಿನ ಜೊತೆಗಿದ್ದದ್ದು ಐದು ದಿನಕ್ಕೆ ಹಳದಿ, ಇನ್ನೊಂದು ಹತ್ತನೇ ದಿನವೂ ಹಸಿರು. ಸೇಬು ಬಿಡುವ ಎಥಿಲೀನ್ ಅನಿಲದ ಕೆಲಸ ಅದು. ಅಂದಿನಿಂದ ಹಣ್ಣು ಮೇಲಿನ ಶೆಲ್ಫಿನಲ್ಲಿ. ಸೊಪ್ಪನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ಸೌತೆಕಾಯಿಗೆ ತುಂಬಾ ತಂಪು ಆಗದು, ಮೈಮೇಲೆ ಗುಳಿ ಬಿದ್ದು ನೀರಾಗುತ್ತದೆ. ಅದು ಮೇಲಿನ ಶೆಲ್ಫಿನ ಮುಂಭಾಗದಲ್ಲಿ ಇರಲಿ. ಟೊಮೆಟೊ ಕಾಯಾಗಿದ್ದರೆ ಹೊರಗೇ.

ಶೆಲ್ಫ್ ತುಂಬಿ ತುಳುಕಿದರೆ ಇದೆಲ್ಲ ಕೆಡುತ್ತದೆ. ಗಾಳಿ ಓಡಾಡಲು ಡಬ್ಬಗಳ ನಡುವೆ ಎರಡು ಬೆರಳು ಜಾಗ ಬಿಡಿ. ಈಗ ನಮ್ಮ ಮನೆಯಲ್ಲಿ ಕಸಕ್ಕೆ ಹೋಗುವುದು ಮೊದಲಿನ ಐದರಲ್ಲಿ ಒಂದು ಪಾಲೂ ಇಲ್ಲ.

ನನ್ನ ಜಾಗಗಳನ್ನು ಹಾಗೇ ನಕಲು ಮಾಡಬೇಡಿ. ತಮ್ಮನ ಮನೆಯಲ್ಲಿ ಒಂದೇ ಬಾಗಿಲಿನ, ಒಳಗೆ ಮೇಲೆ ಫ್ರೀಜರ್ ಪೆಟ್ಟಿಗೆ ಇರುವ ಹಳೆ ಫ್ರಿಜ್ ಇದೆ. ಅಲ್ಲಿ ಲೋಟ ಇಟ್ಟು ನೋಡಿದರೆ ಎಲ್ಲ ತಲೆಕೆಳಗು. ಫ್ರೀಜರ್ ಕೆಳಗಿನ ಟ್ರೇ 2 ಡಿಗ್ರಿ, ಡ್ರಾಯರ್ ಮೇಲಿನ ಶೆಲ್ಫ್ 6. ಅವನ ಹಾಲು ಈಗ ಎಲ್ಲಕ್ಕಿಂತ ಮೇಲೆ ಇದೆ, ವಾರಕ್ಕೊಮ್ಮೆಯೂ ಒಡೆಯುತ್ತಿಲ್ಲ.